ಚಕ್ರದ ಐದು ನಟ್ಟುಗಳು

ಟೈರ್ ಅಂಗಡಿಯಲ್ಲಿ ಏರ್ ಗನ್ ಗರ್ರೆಂದು ನಾಲ್ಕು ಸೆಕೆಂಡು ಸದ್ದು ಮಾಡಿದರೆ ಒಂದು ನಟ್ಟಿನ ಕೆಲಸ ಮುಗಿಯಿತು. ಅದು ಎಷ್ಟು ಬಿಗಿಯಾಯಿತೆಂದು ಗನ್ ಹಿಡಿದವರಿಗೂ ತಿಳಿಯುವುದಿಲ್ಲ. ಈ ಕೆಲಸಕ್ಕೆ ಒಂದು ಕ್ರಮವಿದೆ, ಒಂದು ಅಳತೆಯೂ ಇದೆ.

ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು ನಟ್ಟಲ್ಲ, ಅದು ಕೂರುವ ಸ್ಟಡ್. ನಟ್ಟು ತಿರುಗಿದಂತೆ ಸ್ಟಡ್ ಕೂದಲೆಳೆಯಷ್ಟು ಉದ್ದವಾಗುತ್ತದೆ. ಹಿಗ್ಗಿದ ರಬ್ಬರ್ ಬ್ಯಾಂಡಿನಂತೆ ಮೊದಲಿನ ಉದ್ದಕ್ಕೆ ಮರಳಲು ಎಳೆಯುವ ಆ ಸೆಳೆತವೇ ಚಕ್ರವನ್ನು ಹಿಡಿದಿಡುತ್ತದೆ. ಹಾಕಿದ ಬಲದ ಬಹುಪಾಲು ನಟ್ಟಿನ ಅಡಿಯ ಮತ್ತು ಮರೆಯ ಘರ್ಷಣೆಗೇ ಹೋಗಿ, ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಈ ಸೆಳೆತವಾಗುತ್ತದೆ. ಮರೆಗೆ ಎಣ್ಣೆ ಹಚ್ಚಿ ಅದೇ ಬಲ ಹಾಕಿದರೆ ಸ್ಟಡ್ ಮಿತಿಮೀರಿ ಹಿಗ್ಗುತ್ತದೆ. ಕೈಪಿಡಿ ಹೇಳದ ಹೊರತು ಮರೆ ಒಣಗಿ, ಶುಚಿಯಾಗಿರಬೇಕು.

ಐದು ನಟ್ಟಿನ ಟೊಯೊಟಾ ಕೊರೊಲಾವನ್ನು ತೆಗೆದುಕೊಳ್ಳಿ. ಅದಕ್ಕೆ ಕಂಪನಿ ಹೇಳುವ ಟಾರ್ಕ್ 103 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 42 ಕಿಲೋ ಭಾರ ಒತ್ತಿದಷ್ಟು. ಅರ್ಧ ಇಂಚಿನ ದೊಡ್ಡ ಗನ್‌ಗಳು ಇದರ ಮೂರು-ನಾಲ್ಕು ಪಟ್ಟು ಬಲವನ್ನು ಸಲೀಸಾಗಿ ಹಾಕಬಲ್ಲವು. ಹಾಗೆ 300 ನ್ಯೂಟನ್ ಮೀಟರಿಗೆ ಬಿಗಿದ ನಟ್ಟನ್ನು ನಡುರಸ್ತೆಯಲ್ಲಿ ಪಂಚರಾದಾಗ ಬಿಚ್ಚಲು ಹೊರಟರೆ, ಅದೇ ಸ್ಪ್ಯಾನರಿನ ಮೇಲೆ 120 ಕಿಲೋ ಹಾಕಬೇಕು. ಎಷ್ಟೋ ಮಂದಿ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಲ್ಲುವುದು ಇದಕ್ಕೇ.

ಬಿಚ್ಚಲಾಗದಿರುವುದು ಸಣ್ಣ ತೊಂದರೆ. ಮಿತಿ ಮೀರಿ ಹಿಗ್ಗಿದ ಸ್ಟಡ್ ಮತ್ತೆ ಕುಗ್ಗುವುದಿಲ್ಲ. ಅದರ ಸೆಳೆತ ಸತ್ತಿರುತ್ತದೆ. ಕೈಯಲ್ಲಿ ತಿರುಗಿಸಿದಾಗ ನಟ್ಟು ಮರೆಯ ಒಂದು ಕಡೆ ಬಿಗಿದು ನಿಂತರೆ, ಆ ಸ್ಟಡ್ ಎಳೆದುಹೋಗಿದೆಯೆಂದು ಅನುಮಾನಿಸಿ ಬದಲಿಸಬೇಕು. ಇನ್ನೊಂದು ತೊಂದರೆ ತಡವಾಗಿ ಗೊತ್ತಾಗುತ್ತದೆ. ಐದೂ ನಟ್ಟುಗಳ ಬಿಗಿತ ಒಂದೇ ಸಮನಾಗಿಲ್ಲದಿದ್ದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡ ಬ್ರೇಕ್ ಡಿಸ್ಕ್ ಚೂರೇ ಓರೆಯಾಗುತ್ತದೆ. ಪ್ಯಾಡುಗಳು ಅದನ್ನು ಒಂದೊಂದು ಕಡೆ ಒಂದೊಂದು ರೀತಿ ಸವೆಸುತ್ತವೆ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ಅದುರುತ್ತದೆ. ಆಗ ಎಲ್ಲರೂ ಡಿಸ್ಕನ್ನು ದೂರುತ್ತಾರೆ, ಟೈರ್ ಅಂಗಡಿಯ ಗನ್ ಯಾರಿಗೂ ನೆನಪಾಗುವುದಿಲ್ಲ.

ಕ್ರಮದ ವಿಷಯ ಇಲ್ಲೇ ಬರುತ್ತದೆ. ಸುತ್ತಲೂ ಒಂದರಿಂದ ಐದರವರೆಗೆ ಗುರುತು ಹಾಕಿಕೊಂಡರೆ, ಬಿಗಿಯಬೇಕಾದದ್ದು 1, 3, 5, 2, 4. ಪಕ್ಕದ ನಟ್ಟನ್ನು ಬಿಟ್ಟು ಅದರಾಚೆಯದ್ದಕ್ಕೆ ಹೋಗುತ್ತಾ ಸಾಗಿದರೆ ನಕ್ಷತ್ರ ಮೂಡುತ್ತದೆ. ಮೊದಲು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಎರಡನೇ ಸುತ್ತಿನಲ್ಲಿ ಅರ್ಧ ಟಾರ್ಕ್. ಜ್ಯಾಕ್ ಇಳಿಸಿ ಟೈರ್ ನೆಲಕ್ಕೆ ತಾಗಿದ ಮೇಲೆ, ಟಾರ್ಕ್ ರೆಂಚಿನಿಂದ ಕೊನೆಯ ಸುತ್ತು. ‘ಕಟ್’ ಎಂದಾಗ ನಿಲ್ಲಿಸಬೇಕು, ಇನ್ನೊಮ್ಮೆ ಒತ್ತಬಾರದು.

ನಿಮ್ಮ ಗಾಡಿಯ ಟಾರ್ಕ್ ಮಾಲೀಕರ ಕೈಪಿಡಿಯಲ್ಲಿದೆ. ಟೈರ್ ಹಾಕಿಸುವಾಗ ಗನ್ನನ್ನು ನಟ್ಟು ಕೂರುವಷ್ಟಕ್ಕೆ ನಿಲ್ಲಿಸಿ, ಉಳಿದದ್ದನ್ನು ರೆಂಚಿನಿಂದ ಮಾಡಿಕೊಡಿ ಎಂದು ಕೇಳಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿಸಿ.