‘ರೈಲ್ವೆ ಅನುಮತಿ ವಿಳಂಬ’ ಎಂದಷ್ಟೇ ಬರೆದರೆ ಸಾಲದು

ಒಂದು ಸಣ್ಣ ಪಟ್ಟಣಕ್ಕೆ ನದಿಯಿಂದ ಕುಡಿಯುವ ನೀರು ತರುವ ಯೋಜನೆ ನಡೆಯುತ್ತಿದೆ ಎಂದುಕೊಳ್ಳಿ. ನದಿ ದಂಡೆಯಲ್ಲಿ ಜಾಕ್‌ವೆಲ್, ಊರ ಹೊರಗೆ ಶುದ್ಧೀಕರಣ ಘಟಕ, ನಡುವೆ ಹತ್ತು ಕಿಲೋಮೀಟರ್ ಪೈಪ್‌ಲೈನ್. ಆ ಪೈಪು ಒಂದು ಕಡೆ ರೈಲು ಹಳಿಯ ಅಡಿಯಿಂದ ದಾಟಬೇಕು. ಇಂಥ ಕಾಮಗಾರಿಗಳಲ್ಲಿ ರಿಸ್ಕ್ ರಿಜಿಸ್ಟರ್ ಎಂಬ ಒಂದು ಪಟ್ಟಿ ಇರುತ್ತದೆ. ಯಾವ ಯಾವ ತೊಂದರೆ ಎದುರಾಗಬಹುದು ಎಂಬುದನ್ನು ಮೊದಲೇ ಬರೆದಿಟ್ಟು, ತಿಂಗಳ ಸಭೆಯಲ್ಲಿ ಸಾಲು ಸಾಲಾಗಿ ಪರಿಶೀಲಿಸುವ ಎಕ್ಸೆಲ್ ಹಾಳೆ ಅದು. ನಮ್ಮ ಯೋಜನೆಯ ಹಾಳೆಯ ಒಂದು ಸಾಲಿನಲ್ಲಿ ಹೀಗಿದೆ: ‘ರೈಲ್ವೆ ಅನುಮತಿ ವಿಳಂಬ. ಹೊಣೆ: ಇಲಾಖೆ. ಕ್ರಮ: ಫಾಲೋಅಪ್ ಮಾಡಲಾಗುವುದು.’

ಓದಿದವರೆಲ್ಲ ತಲೆಯಾಡಿಸುವ ಸಾಲು ಇದು. ಆದರೆ ಇದನ್ನು ಓದಿದ ಯಾರಿಗೂ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅನುಮತಿ ಏಕೆ ತಡವಾದೀತು, ತಡವಾದರೆ ಏನು ಕೆಡುತ್ತದೆ, ಯಾರು ಓಡಾಡಬೇಕು, ಯಾವಾಗಿನೊಳಗೆ ಎನ್ನುವುದು ಯಾವುದೂ ಇಲ್ಲಿಲ್ಲ. ಈ ಒಂದೇ ಸಾಲನ್ನು ಬಿಡಿಸಿ ಮತ್ತೆ ಬರೆಯೋಣ.

ಮೊದಲು ಕಾರಣ. ಕಾರಣದ ಜಾಗದಲ್ಲಿ ಇವತ್ತಿಗೆ ನಿಜವಾಗಿರುವ ಸಂಗತಿ ಬರಬೇಕು, ಊಹೆಯಲ್ಲ. ಎಂಜಿನಿಯರರನ್ನು ಕೂರಿಸಿಕೊಂಡು ‘ಏಕೆ ತಡವಾದೀತು?’ ಎಂದು ಕೇಳಿದರೆ ಮೊದಲು ಬರುವ ಉತ್ತರ ‘ರೈಲ್ವೆಯವರು ಯಾವಾಗಲೂ ಹಾಗೇ’ ಎಂದು. ಅದು ಕಾರಣವಲ್ಲ, ಬೇಸರ. ಇನ್ನೊಮ್ಮೆ ಕೇಳಿದರೆ ವಿಷಯ ಹೊರಬರುತ್ತದೆ: ದಾಟುವ ಜಾಗದ ಮಣ್ಣು ಪರೀಕ್ಷೆ ಆಗಿಲ್ಲ, ಆ ವರದಿಯಿಲ್ಲದೆ ನಕ್ಷೆ ಪೂರ್ಣವಾಗಿಲ್ಲ, ಹಾಗಾಗಿ ಡಿಸೆಂಬರ್ ಮುಗಿಯುತ್ತ ಬಂದರೂ ಅರ್ಜಿಯೇ ಡಿವಿಷನ್ ಕಚೇರಿಗೆ ಹೋಗಿಲ್ಲ. ಈಗ ಸಿಕ್ಕಿತು ನೋಡಿ. ರೈಲ್ವೆಯ ಸ್ವಭಾವವನ್ನು ನಾವು ಬದಲಿಸಲಾರೆವು, ಮಣ್ಣು ಪರೀಕ್ಷೆಯನ್ನು ಈ ವಾರವೇ ಮಾಡಿಸಬಹುದು. ನಮ್ಮ ಕೈಗೆ ನಿಲುಕುವಷ್ಟು ಹತ್ತಿರ ಬರುವವರೆಗೆ ‘ಏಕೆ’ ಎಂದು ಕೇಳುತ್ತಲೇ ಇರಬೇಕು.

ಇಲ್ಲೊಂದು ಗೊಂದಲ ಪದೇ ಪದೇ ಕಾಣುತ್ತದೆ. ‘ಮಣ್ಣು ಪರೀಕ್ಷೆ ಆಗಿಲ್ಲ’ ಎಂಬುದನ್ನೇ ಕೆಲವರು ರಿಸ್ಕ್ ಎಂದು ಬರೆಯುತ್ತಾರೆ. ಅದು ಆಗಲೇ ಇರುವ ಕೊರತೆ. ರಿಸ್ಕ್ ಎಂದರೆ ಆಗಬಹುದಾದ, ಆಗದೆಯೂ ಇರಬಹುದಾದ ಘಟನೆ. ಐಎಸ್‌ಒ 31000 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಗುರಿಗಳ ಮೇಲೆ ಅನಿಶ್ಚಿತತೆ ಉಂಟುಮಾಡುವ ಪರಿಣಾಮವನ್ನೇ ರಿಸ್ಕ್ ಎನ್ನುತ್ತದೆ. ‘ಇದು ಆಗದೆಯೂ ಇರಬಹುದೇ?’ ಎಂದು ಕೇಳಿ ನೋಡಿ. ‘ಇಲ್ಲ, ಆಗಿಯೇ ಆಗುತ್ತದೆ’ ಎಂಬ ಉತ್ತರ ಬಂದರೆ ಅದರ ಜಾಗ ಬೇರೆ. ‘ಮಳೆಗಾಲದಲ್ಲಿ ಕೆಲಸ ನಿಲ್ಲಬಹುದು’ ಎಂದು ಬರೆದಿರುವ ಹಾಳೆಗಳು ಎಷ್ಟೋ. ಜೂನ್‌ನಲ್ಲಿ ಮುಂಗಾರು ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ; ಅದನ್ನು ಲೆಕ್ಕಕ್ಕೆ ಹಿಡಿದೇ ವೇಳಾಪಟ್ಟಿ ಹಾಕಬೇಕು. ಮಳೆಗೆ ಮುಂಚೆ ಮುಗಿಯಬೇಕಾದ ಕೆಲಸ ಜಾರಿ ಮಳೆಯೊಳಗೆ ಬೀಳಬಹುದು ಎಂಬುದು ಮಾತ್ರ ರಿಸ್ಕ್.

ಇದೇ ನಮ್ಮನ್ನು ಪರಿಣಾಮಕ್ಕೆ ತಂದು ಬಿಡುತ್ತದೆ. ‘ಯೋಜನೆ ತಡವಾಗುತ್ತದೆ’ ಎಂಬುದು ಪರಿಣಾಮವೇ ಹೌದು, ಆದರೆ ಅಷ್ಟರಿಂದ ಯಾರೂ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಲಾರರು. ಹಳಿಯ ಅಡಿ ಪೈಪು ದಾಟಿಸಲು ಎರಡೂ ಬದಿಯಲ್ಲಿ ಆಳವಾದ ಗುಂಡಿ ತೋಡಿ, ಒಂದು ಕಡೆಯಿಂದ ಉಕ್ಕಿನ ಹೊರಪೈಪನ್ನು ಯಂತ್ರದಿಂದ ತಳ್ಳುತ್ತಾರೆ. ನಮ್ಮ ಪೈಪು ಅದರೊಳಗೆ ಹೋಗುತ್ತದೆ. ಈ ಕೆಲಸಕ್ಕೆ ಒಂದು ತಿಂಗಳು ಹಿಡಿದರೆ, ಏಪ್ರಿಲ್ ಕೊನೆಗೆ ಅನುಮತಿ ಬಂದರೆ ಮೇ ತಿಂಗಳಲ್ಲಿ ಮುಗಿಯುತ್ತದೆ. ಬಾರದಿದ್ದರೆ? ಆ ಜಾಗ ಕೆರೆಯ ಅಚ್ಚುಕಟ್ಟಿಗೆ ಅಂಟಿಕೊಂಡಿದೆ. ಜೂನ್ ದಾಟಿದ ಮೇಲೆ ಗುಂಡಿಯಲ್ಲಿ ನೀರು ಉಕ್ಕುತ್ತದೆ, ನವೆಂಬರ್‌ವರೆಗೆ ಕೈಹಾಕುವಂತಿಲ್ಲ. ಅನುಮತಿ ತಡವಾಗುವುದು ಕೆಲವೇ ವಾರ ಇರಬಹುದು, ಕಾಮಗಾರಿ ತಡವಾಗುವುದು ಆರು ತಿಂಗಳು. ಆಗಸ್ಟ್‌ನಲ್ಲಿ ನಲ್ಲಿಗೆ ಬರಬೇಕಾದ ನೀರು ಫೆಬ್ರುವರಿಗೆ ಹೋಗುತ್ತದೆ. ಅಲ್ಲಿಯವರೆಗೆ ಊರು ಹಳೆಯ ಕೊಳವೆಬಾವಿಗಳನ್ನೇ ನಂಬಿರಬೇಕು. ತಿಂಗಳು, ದುಡ್ಡು, ಜನ ಎಂಬ ಅಳತೆಯಲ್ಲಿ ಹೀಗೆ ಬರೆದ ಪರಿಣಾಮವನ್ನು ನೋಡಿದ ಮೇಲೆ ಮಣ್ಣು ಪರೀಕ್ಷೆಯ ಬಿಲ್ಲನ್ನು ಯಾರೂ ತಡೆಹಿಡಿಯುವುದಿಲ್ಲ.

ಪರಿಣಾಮ ಒಂದೇ ಆದರೂ ಕಾರಣ ಬೇರೆಯಿದ್ದರೆ ಸಾಲು ಬೇರೆ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೈಪು ತಳ್ಳುವ ಯಂತ್ರ ಗುತ್ತಿಗೆದಾರರ ಇನ್ನೊಂದು ಕಾಮಗಾರಿಯಲ್ಲಿ ಸಿಕ್ಕಿಹಾಕಿಕೊಂಡರೂ ಆರು ತಿಂಗಳೇ ಹೋಗುತ್ತದೆ. ಆದರೆ ಅದನ್ನು ನೋಡಿಕೊಳ್ಳಬೇಕಾದವರು ಬೇರೆ, ಮಾಡಬೇಕಾದ ಕೆಲಸವೂ ಬೇರೆ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಒಂದು ಬಗೆಹರಿದ ದಿನ ಇನ್ನೊಂದೂ ಬಗೆಹರಿದಂತೆ ಕಾಣುತ್ತದೆ.

ಹೊಣೆಯ ಜಾಗದಲ್ಲಿ ‘ಇಲಾಖೆ’ ಎಂದು ಬರೆದರೆ ಯಾರೂ ಇಲ್ಲ ಎಂದೇ ಅರ್ಥ. ‘ಎಇಇ ಮತ್ತು ಗುತ್ತಿಗೆದಾರರು’ ಎಂದು ಇಬ್ಬರನ್ನು ಬರೆದರೂ ಅಷ್ಟೆ, ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಒಬ್ಬರೇ ಇರಬೇಕು, ಅವರಿಗೆ ಆ ವಿಷಯದಲ್ಲಿ ಸಹಿ ಹಾಕುವ ಅಧಿಕಾರವೂ ಇರಬೇಕು. ಗುತ್ತಿಗೆದಾರರ ಸೈಟ್ ಎಂಜಿನಿಯರ್ ದಿನವೂ ಸ್ಥಳದಲ್ಲಿರುತ್ತಾರೆಂದು ಅವರ ಹೆಸರು ಬರೆಯುವುದುಂಟು. ಆದರೆ ರೈಲ್ವೆಗೆ ಅರ್ಜಿ ಹಾಕುವುದು ಯೋಜನೆಯ ಒಡೆತನ ಇರುವ ಸಂಸ್ಥೆ. ಪತ್ರಕ್ಕೆ ಸಹಿ, ಶುಲ್ಕದ ಹಣ ಎಲ್ಲ ಅಲ್ಲಿಂದಲೇ ಹೋಗಬೇಕು. ಹಾಗಾಗಿ ಇಲ್ಲಿ ಹೊಣೆ ಆ ಸಂಸ್ಥೆಯ ಎಇಇ ಅವರದು. ಮಣ್ಣು ಪರೀಕ್ಷೆ ಮಾಡಿಸುವವರು, ನಕ್ಷೆ ಬರೆಸುವವರು ಬೇರೆಯವರಿರಲಿ. ಆಗಿದೆಯೇ ಎಂದು ಕೇಳಿದಾಗ ಉತ್ತರ ಹೇಳಬೇಕಾದವರು ಎಇಇ ಒಬ್ಬರೇ.

ಉಳಿದದ್ದು ಕ್ರಮ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ನಮ್ಮ ಕಚೇರಿ ಭಾಷೆಯಲ್ಲಿ ಮಾಡುವವರೂ ಇಲ್ಲ, ದಿನಾಂಕವೂ ಇಲ್ಲ. ಕ್ರಮವೆಂದರೆ ಒಂದೋ ಕಾರಣವನ್ನು ಕಡಿಮೆ ಮಾಡಬೇಕು, ಇಲ್ಲವೇ ಪರಿಣಾಮವನ್ನು. ಸಾಧ್ಯವಾದಲ್ಲಿ ಎರಡನ್ನೂ. ಪೂರ್ತಿ ಸಾಲನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಹಳಿ ದಾಟುವ ಜಾಗದ ಮಣ್ಣು ಪರೀಕ್ಷೆ ಆಗದೆ ಅರ್ಜಿ ಸಲ್ಲಿಕೆಯಾಗಿಲ್ಲ. ಇದರಿಂದ ಏಪ್ರಿಲ್ 30ರೊಳಗೆ ರೈಲ್ವೆ ಅನುಮತಿ ಸಿಗದೇ ಹೋಗಬಹುದು. ಹಾಗಾದರೆ ಪೈಪು ತಳ್ಳುವ ಕೆಲಸ ನವೆಂಬರ್‌ಗೆ ಹೋಗಿ, ನೀರು ಪೂರೈಕೆ ಆಗಸ್ಟ್‌ನಿಂದ ಫೆಬ್ರುವರಿಗೆ ಮುಂದೂಡಲ್ಪಡುತ್ತದೆ. ಹೊಣೆ: ಎಇಇ. ಕ್ರಮ: ಜನವರಿ 10ರೊಳಗೆ ಮಣ್ಣು ಪರೀಕ್ಷೆ ವರದಿ, 25ರೊಳಗೆ ನಕ್ಷೆ ಸಹಿತ ಅರ್ಜಿ, ಫೆಬ್ರುವರಿಯಲ್ಲಿ ಜಂಟಿ ಸ್ಥಳ ಪರಿಶೀಲನೆ. ಹಳಿಯ ಎರಡೂ ಬದಿಯ ಪೈಪನ್ನು ಮುಚ್ಚಳ ಹಾಕಿ ಬೇರೆ ಬೇರೆಯಾಗಿ ಮೇ ಒಳಗೆ ಒತ್ತಡ ಪರೀಕ್ಷೆ ಮಾಡುವುದು. ಮಾರ್ಚ್ 15ಕ್ಕೂ ಜಂಟಿ ಪರಿಶೀಲನೆ ಆಗದಿದ್ದರೆ ಅಧೀಕ್ಷಕ ಎಂಜಿನಿಯರರ ಮಟ್ಟದಲ್ಲಿ ಮಾತುಕತೆ, ಕೊಳವೆಬಾವಿ ನಿರ್ವಹಣೆಯ ಗುತ್ತಿಗೆ ಫೆಬ್ರುವರಿವರೆಗೆ ವಿಸ್ತರಣೆ.’

ಉದ್ದವಾಯಿತು, ನಿಜ. ಆದರೆ ಇದರ ಒಂದೊಂದು ಮಾತನ್ನೂ ‘ಆಯಿತೇ, ಇಲ್ಲವೇ’ ಎಂದು ಕೇಳಬಹುದು. ಎರಡೂ ಬದಿಯ ಒತ್ತಡ ಪರೀಕ್ಷೆ ಅನುಮತಿಯನ್ನು ಬೇಗ ತರುವುದಿಲ್ಲ. ಹಳಿ ದಾಟಿದ ಮೇಲೆ ಉಳಿಯುವ ಕೆಲಸವನ್ನು ಕಡಿಮೆ ಮಾಡುತ್ತದೆ. ಮಾರ್ಚ್ 15 ಎಂಬ ದಿನಾಂಕಕ್ಕೂ ಅರ್ಥವಿದೆ. ಆ ದಿನ ಎಚ್ಚರಿಸಿದರೆ ಏಪ್ರಿಲ್ ಕೊನೆಗೆ ಇನ್ನೂ ಆರು ವಾರ ಇರುತ್ತದೆ. ಏಪ್ರಿಲ್ 28ಕ್ಕೆ ಎಚ್ಚರಿಸಿದರೆ ಮೇಲಧಿಕಾರಿಗಳಿಂದಲೂ ಏನೂ ಆಗದು.

ಕಾರಣವನ್ನು ಇಷ್ಟು ಬಿಡಿಸಿ ಬರೆಯಲು ಅನೇಕರು ಹಿಂಜರಿಯುತ್ತಾರೆ, ಯಾರ ಮೇಲಾದರೂ ದೂರು ಹೇಳಿದಂತಾಗುತ್ತದೆ ಎಂಬ ಭಯ. ‘ಎಂಜಿನಿಯರರ ನಿರ್ಲಕ್ಷ್ಯದಿಂದ’ ಎಂದು ಬರೆದರೆ ದೂರು. ‘ಡಿಸೆಂಬರ್ 20ರವರೆಗೆ ಮಣ್ಣು ಪರೀಕ್ಷೆ ಆಗಿಲ್ಲ’ ಎಂದರೆ ಸಂಗತಿ. ಸಂಗತಿಯನ್ನು ಮಾತ್ರ ಬರೆಯುವ ರೂಢಿ ಇದ್ದರೆ ತಡವಾದವರೂ ಸಭೆಯಲ್ಲಿ ಬಾಯಿಬಿಡುತ್ತಾರೆ.

ಅನುಮತಿ ಪತ್ರ ಕೈಸೇರಿದ ದಿನ ಈ ಸಾಲನ್ನು ಅಳಿಸಬಾರದು. ದಿನಾಂಕ ಹಾಕಿ ಮುಚ್ಚಬೇಕು. ಪತ್ರದಲ್ಲಿ ರೈಲ್ವೆ ಹಾಕಿರುವ ಷರತ್ತುಗಳನ್ನು ಓದಿ, ಅವುಗಳಿಂದ ಹುಟ್ಟುವ ಹೊಸ ರಿಸ್ಕ್‌ಗಳಿಗೆ ಅಂದೇ ಹೊಸ ಸಾಲು ತೆರೆಯಬೇಕು. ಹೆಚ್ಚಾಗಿ ಅದರಲ್ಲಿ ಮೊದಲನೆಯದು, ರೈಲ್ವೆ ಮೇಲ್ವಿಚಾರಕರ ಸಮ್ಮುಖದಲ್ಲಷ್ಟೇ ಹಳಿಯಡಿ ಕೆಲಸ ಮಾಡಬೇಕೆಂಬ ಷರತ್ತು. ಅವರು ಮೇ ತಿಂಗಳಲ್ಲಿ ಯಾವ ದಿನಗಳಿಗೆ ಸಿಗುತ್ತಾರೆ ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.