ಹೊಟ್ಟೆ ತೊಳಸಿದಾಗ ಶುಂಠಿ ಮಾಡುವ ಕೆಲಸ

ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಓಲಾಡುವಾಗ ಹೊಟ್ಟೆ ತೊಳಸುತ್ತದೆ. ಕ್ಯಾನ್ಸರ್‌ ಔಷಧಿ ಏರಿಸಿಕೊಂಡು ಮನೆಗೆ ಬಂದವರಿಗೂ ತೊಳಸುತ್ತದೆ. ಸಂಕಟ ಒಂದೇ ಆದರೂ ಅದು ಹುಟ್ಟುವ ಜಾಗ ಬೇರೆ. ಶುಂಠಿ ಎರಡಕ್ಕೂ ಮದ್ದೆಂದು ಹೆಸರಾಗಿರುವುದರಿಂದ, ಅದು ಒಂದೇ ದಾರಿಯಲ್ಲಿ ಕೆಲಸ ಮಾಡುತ್ತಿರಲಾರದು ಎಂದು ಊಹಿಸಬಹುದು.

ಮೊದಲು ಕರುಳಿನ ದಾರಿ ನೋಡೋಣ. ಸೆರೊಟೋನಿನ್ ಎಂದೊಡನೆ ಮನಸ್ಸಿನ ಉಲ್ಲಾಸ ನೆನಪಾಗುತ್ತದೆ. ಆದರೆ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಜೀರ್ಣಾಂಗಗಳಲ್ಲಿ. ಕರುಳಿನ ಒಳಪೊರೆಯಲ್ಲಿ ಅದನ್ನು ತುಂಬಿಕೊಂಡ ವಿಶೇಷ ಜೀವಕೋಶಗಳಿವೆ. ವಿಷವಸ್ತುವೋ ಕಟುವಾದ ಔಷಧಿಯೋ ಅವನ್ನು ಕೆಣಕಿದರೆ ಸೆರೊಟೋನಿನ್ ಹೊರಚೆಲ್ಲಿ, ಪಕ್ಕದಲ್ಲೇ ಇರುವ ವೇಗಸ್ ನರದ ತುದಿಗಳನ್ನು ತಲುಪುತ್ತದೆ. ಅಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಿಗೆ 5-ಎಚ್‌ಟಿ3 ಎಂದು ಹೆಸರು. ಸೆರೊಟೋನಿನ್ ಬಂದು ಕೂತರೆ ಗ್ರಾಹಿ ತೆರೆದುಕೊಳ್ಳುತ್ತದೆ, ನರ ಕೆರಳುತ್ತದೆ, ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟಿ ವಾಕರಿಕೆ ಶುರುವಾಗುತ್ತದೆ.

ವಾಂತಿಗೆ ವೈದ್ಯರು ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಈ ಗ್ರಾಹಿಯಲ್ಲಿ ಸೆರೊಟೋನಿನ್ ಕೂರುವ ಜಾಗದಲ್ಲೇ ತಾನು ಕೂತು ಅದನ್ನು ಹೊರಗಿಡುತ್ತದೆ. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜೆರಾಲ್‌ಗಳ ರೀತಿ ಬೇರೆ. ಪ್ರಯೋಗಾಲಯದಲ್ಲಿ ಕಂಡುಬಂದಂತೆ ಅವು ಅದೇ ಗ್ರಾಹಿಯ ಇನ್ನೊಂದು ಜಾಗಕ್ಕೆ ಅಂಟಿಕೊಳ್ಳುತ್ತವೆ. ಬಾಗಿಲ ಬೀಗದಲ್ಲಿ ಕೀಲಿ ಹೊಕ್ಕಿದ್ದರೂ ಕೆಳಗಡೆ ಬೆಣೆ ಸಿಕ್ಕಿಸಿದ್ದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲವಲ್ಲ, ಹಾಗೆ. ಮಾತ್ರೆಯಷ್ಟು ಬಲ ಇದಕ್ಕಿಲ್ಲ. ನರದ ಕೂಗು ತಗ್ಗುತ್ತದೆ, ನಿಲ್ಲುವುದಿಲ್ಲ. ಶುಂಠಿಯಿಂದ ವಾಕರಿಕೆ ಇಳಿದಷ್ಟು ವಾಂತಿ ಇಳಿಯದಿರುವುದು ಗರ್ಭಿಣಿಯರ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇನ್ನು ಬಸ್ಸಿನ ವಿಷಯ. ಪ್ರಯಾಣದ ವಾಕರಿಕೆ ಕಿವಿಯ ಒಳಗಿನ ಸಮತೋಲನದ ಅಂಗಕ್ಕೂ ಕಣ್ಣಿಗೂ ಹೊಂದಾಣಿಕೆ ತಪ್ಪಿದಾಗ ಹುಟ್ಟುತ್ತದೆ. ಅಲ್ಲಿ ಕರುಳಿನ ಸೆರೊಟೋನಿನ್‌ನ ಪಾತ್ರ ಕಡಿಮೆ. ಹಾಗಾಗಿಯೇ ಒಂಡಾನ್ಸೆಟ್ರಾನ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಶುಂಠಿ ನೆರವಾಗುವುದಾದರೆ ಅದು ಜಠರದ ಚಲನೆಯ ಮೂಲಕ ಎನ್ನುವುದು ನನಗೆ ಹೆಚ್ಚು ಒಪ್ಪುವ ವಿವರಣೆ. ಜಠರದ ವಿದ್ಯುತ್ ಅಲೆ ನಿಮಿಷಕ್ಕೆ ಸುಮಾರು 3 ಬಾರಿ ಏಳುತ್ತದೆ. ವಾಕರಿಕೆ ಬಂದಾಗ ಈ ಲಯ ಕೆಟ್ಟು ಅಲೆಗಳು ಅಡ್ಡಾದಿಡ್ಡಿ ವೇಗ ಹಿಡಿಯುತ್ತವೆ, ಊಟ ಕೆಳಗಿಳಿಯದೆ ಅಲ್ಲೇ ನಿಲ್ಲುತ್ತದೆ. ಸುತ್ತಲೂ ಗೆರೆಗಳು ತಿರುಗುವ ಡ್ರಮ್ಮಿನೊಳಗೆ ಜನರನ್ನು ಕೂರಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಶುಂಠಿ ತಿಂದವರಲ್ಲಿ ಲಯ ಅಷ್ಟು ಕೆಡಲಿಲ್ಲ, ವಾಕರಿಕೆಯೂ ತಡವಾಗಿ ಬಂತು. ಬೇರೆ ಕೆಲವು ಪ್ರಯೋಗಗಳಲ್ಲಿ ಲಾಭ ಕಂಡಿಲ್ಲ ಎಂಬುದನ್ನೂ ಹೇಳಬೇಕು.

ಜಠರ ಬೇಗ ಖಾಲಿಯಾಗುವುದಕ್ಕೆ ಸಾಕ್ಷಿ ಇನ್ನಷ್ಟು ಸ್ಪಷ್ಟ. ತೈವಾನಿನ ವೈದ್ಯರು 24 ಆರೋಗ್ಯವಂತರಿಗೆ ಒಮ್ಮೆ 1.2 ಗ್ರಾಂ ಶುಂಠಿ ಪುಡಿಯ ಕ್ಯಾಪ್ಸೂಲ್, ಇನ್ನೊಮ್ಮೆ ಬರೀ ತೋರಿಕೆಯ ಕ್ಯಾಪ್ಸೂಲ್ ನುಂಗಿಸಿದರು. ಒಂದು ಗಂಟೆ ಬಿಟ್ಟು ಅರ್ಧ ಲೀಟರ್ ಸೂಪ್ ಕುಡಿಸಿ, ಜಠರದ ಕೆಳಭಾಗ ಕುಗ್ಗುವುದನ್ನು ಅಲ್ಟ್ರಾಸೌಂಡಿನಲ್ಲಿ ಅಳೆದರು. ಅರ್ಧ ಖಾಲಿಯಾಗಲು ಸಾಮಾನ್ಯವಾಗಿ ಸುಮಾರು 27 ನಿಮಿಷ ಹಿಡಿದರೆ, ಶುಂಠಿ ತಿಂದಾಗ 13 ನಿಮಿಷ ಸಾಕಾಯಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶುಂಠಿಯನ್ನು ಮೊದಲೇ ಕೊಟ್ಟದ್ದನ್ನು ಗಮನಿಸಿ. ಘಾಟಿ ಹತ್ತಿದ ಮೇಲೆ ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ಹೊರಡುವ ಮುಂಚೆ ತಿನ್ನುವುದೇ ಲೇಸು.

ಎಷ್ಟು ತಿನ್ನಬೇಕು? ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿರುವುದು ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ, ಅಂದರೆ ಸರಿಸುಮಾರು ಅರ್ಧ ಟೀ ಚಮಚ. ಹಸಿಶುಂಠಿಯಲ್ಲಿ ಬಹುಪಾಲು ನೀರೇ ಇರುವುದರಿಂದ ಅದು ಐದಾರು ಗ್ರಾಮಿನ ತುಂಡಿಗೆ ಸಮ. ಒಣಗುವಾಗ ಜಿಂಜೆರಾಲ್‌ನ ಒಂದಷ್ಟು ಭಾಗ ನೀರಿನ ಅಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ. ಶೋಗಾಲ್ ಇನ್ನೂ ಖಾರ, ಗ್ರಾಹಿಯನ್ನು ತಡೆಯುವುದರಲ್ಲೂ ಹಿಂದೆ ಬೀಳುವುದಿಲ್ಲ. ಆದ್ದರಿಂದ ಒಣಶುಂಠಿಯ ಕಷಾಯ ಸತ್ವ ಕಳೆದುಕೊಂಡದ್ದೆಂದು ತಿಳಿಯಬೇಕಿಲ್ಲ. ಹೆಚ್ಚು ತಿಂದರೆ ಹೆಚ್ಚು ಗುಣ ಎಂಬುದೂ ನಿಜವಲ್ಲ. 576 ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಅರ್ಧ ಗ್ರಾಂ ಮತ್ತು 1 ಗ್ರಾಂ ತೆಗೆದುಕೊಂಡವರಿಗೇ ಒಂದೂವರೆ ಗ್ರಾಂ ತೆಗೆದುಕೊಂಡವರಿಗಿಂತ ಚೆನ್ನಾಗಿ ಆರಾಮ ಸಿಕ್ಕಿತು. ಅವರೆಲ್ಲರೂ ವಾಂತಿ ತಡೆಯುವ ಮಾಮೂಲಿ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು. ಶುಂಠಿ ಅದರ ಬದಲಿಗಲ್ಲ, ಅದರ ಜೊತೆಗೆ.

ಜಾಸ್ತಿಯಾದರೆ ಎದೆಯುರಿ ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ದಿನವೂ ಪುಡಿ ಸೇವಿಸಬಾರದು. ಬಸುರಿಗೆ ಒಂದು ದಿನವಿಡೀ ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಕಷಾಯ ಕುದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಆಗ ಬೇಕಾಗುವುದು ಡ್ರಿಪ್.