ವೀಸಾ ರಿಜೆಕ್ಟ್ ಆಗಿತ್ತಾ? ಫಾರ್ಮ್‌ನಲ್ಲಿ ‘ಇಲ್ಲ’ ಅನ್ನೋ ಮುಂಚೆ ಇದನ್ನ ಕೇಳಿ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೇಳುಗರಿಂದ ನನಗೆ ಮತ್ತೆ ಮತ್ತೆ ಬರೋ ಪ್ರಶ್ನೆ ಒಂದೇ: “ಅಮೆರಿಕ ವೀಸಾ ರಿಜೆಕ್ಟ್ ಆಗಿದೆ. ಈಗ ಕೆನಡಾಕ್ಕೆ ಹಾಕ್ತಿದ್ದೀನಿ. ಹಳೇದನ್ನ ಹೇಳ್ಲೇಬೇಕಾ?”

ಮೊದಲು ಪ್ರಶ್ನೆಯನ್ನ ಸರಿಯಾಗಿ ಓದಿ, ಯಾಕಂದ್ರೆ ಎಲ್ಲ ದೇಶವೂ ಒಂದೇ ಪ್ರಶ್ನೆ ಕೇಳಲ್ಲ. ಅಮೆರಿಕದ DS-160 ಫಾರ್ಮ್ ಕೇಳೋದು, ನಿಮಗೆ ಅಮೆರಿಕದ ವೀಸಾ ಯಾವಾಗಲಾದ್ರೂ ನಿರಾಕರಣೆ ಆಗಿದೆಯಾ ಅಂತ. ಕೆನಡಾ ಫಾರ್ಮ್ ಕೆನಡಾ ಅಥವಾ ಬೇರೆ ಯಾವುದೇ ದೇಶದಲ್ಲಿ ಆಗಿದೆಯಾ ಅಂತ ಕೇಳುತ್ತೆ. ಬ್ರಿಟನ್ನಿನದೂ ಹಾಗೇ. ಹಾಗಾಗಿ ಒಂದು ಫಾರ್ಮ್‌ನಲ್ಲಿ ‘ಇಲ್ಲ’, ಇನ್ನೊಂದರಲ್ಲಿ ‘ಹೌದು’ ಅಂದರೂ ಎರಡೂ ನಿಜ ಆಗಿರಬಹುದು.

ಒಂದು ಉದಾಹರಣೆ ತಗೊಳ್ಳೋಣ. ಚಳ್ಳಕೆರೆಯ ಹುಡುಗನೊಬ್ಬನಿಗೆ 2023ರಲ್ಲಿ ಚೆನ್ನೈ ಇಂಟರ್‌ವ್ಯೂನಲ್ಲಿ 214(b) ಅಡಿ ಸ್ಟೂಡೆಂಟ್ ವೀಸಾ ಸಿಗಲಿಲ್ಲ ಅಂತಿಟ್ಕೊಳ್ಳಿ. ಓದು ಮುಗಿದ ಮೇಲೆ ಊರಿಗೆ ವಾಪಸ್ ಬರ್ತಾನೆ ಅನ್ನೋದು ಆಫೀಸರ್‌ಗೆ ಖಾತ್ರಿಯಾಗಲಿಲ್ಲ, ಅಷ್ಟೇ. ಅದು ಅಪರಾಧ ಅಲ್ಲ, ಶಾಶ್ವತ ನಿಷೇಧವೂ ಅಲ್ಲ. ಈಗ ಕೆನಡಾ ಸ್ಟಡಿ ಪರ್ಮಿಟ್‌ಗೆ ಏಜೆಂಟ್ ಒಬ್ಬ, “ಅಮೆರಿಕದ್ದು ಅವರಿಗೆ ಹೆಂಗೆ ಗೊತ್ತಾಗುತ್ತೆ? ‘ಇಲ್ಲ’ ಹಾಕು” ಅಂತಾನೆ.

ಗೊತ್ತಾಗುತ್ತೆ. ಕೆನಡಾ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಲಸೆ ಮಾಹಿತಿ ಹಂಚ್ಕೊಳ್ತವೆ. ಬೆರಳಚ್ಚು ಕೊಟ್ಟಿದ್ದರೆ ಹೊಸ ಪಾಸ್‌ಪೋರ್ಟ್ ಮಾಡಿಸಿದ್ರೂ ಹಳೆ ದಾಖಲೆ ಅಳಿಸಿಹೋಗಲ್ಲ. ಹೊಂದಾಣಿಕೆ ಆಗದಿದ್ರೆ, ಕೆನಡಾ ಅಧಿಕಾರಿಗಳು ವಿವರಣೆ ಕೇಳಿ ಪತ್ರ ಕಳಿಸಬಹುದು. ತಪ್ಪು ಮಾಹಿತಿ ಅಂತ ತೀರ್ಮಾನಿಸಿದ್ರೆ, ಅಲ್ಲಿನ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ 5 ವರ್ಷ ಕೆನಡಾ ಬಾಗಿಲು ಮುಚ್ಚಿದಂತೆ. “ಏಜೆಂಟ್ ತುಂಬಿದ್ದು” ಅಂದ್ರೂ ಸಾಮಾನ್ಯವಾಗಿ ನಡೆಯಲ್ಲ, ಅರ್ಜಿ ನಿಮ್ಮದು. ಅಂದ್ರೆ 2023ರ ನಿರಾಕರಣೆ ವಿವರಿಸಬಹುದಾದ ವಿಷಯ, ಈಗಿನ ‘ಇಲ್ಲ’ ನಂಬಿಕೆಯನ್ನೇ ಕೆಡಿಸೋ ವಿಷಯ. ಅದಾದ ಮೇಲೆ ಬ್ಯಾಂಕ್ ದಾಖಲೆ, ಅಪ್ಪನ ಆದಾಯ, ಎಲ್ಲದರ ಮೇಲೂ ಅನುಮಾನ.

ಹಾಗಾದ್ರೆ ಏನು ಬರೀಬೇಕು? ‘ಹೌದು’ ಅಂತ ಟಿಕ್ ಮಾಡಿ. ಕೆಳಗಿನ ಜಾಗದಲ್ಲಿ ದೇಶ, ತಿಂಗಳು-ವರ್ಷ, ವೀಸಾ ವಿಧ, ಆಗ ಕೊಟ್ಟ ಕಾರಣ ಬರೀರಿ: “ಅಮೆರಿಕ, ಜುಲೈ 2023, F-1, 214(b).” ಆಮೇಲೆ ಈಗ ಏನು ಬದಲಾಗಿದೆ ಅಂತ ಒಂದೆರಡು ಸಾಲು. ದೂರು ಬೇಡ, ಕಥೆ ಬೇಡ. ಎರಡು ಸಲ ರಿಜೆಕ್ಟ್ ಆಗಿದ್ರೆ ಎರಡನ್ನೂ ಬರೀರಿ.

ಈಗಾಗ್ಲೇ ತಪ್ಪಾಗಿ ‘ಇಲ್ಲ’ ಕಳಿಸಿಬಿಟ್ಟಿದ್ರೆ, ತೀರ್ಮಾನ ಬರೋ ಮೊದಲೇ ಕೆನಡಾ ವಲಸೆ ಇಲಾಖೆಯ ವೆಬ್ ಫಾರ್ಮ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿ ತಿದ್ದುಪಡಿ ತಿಳಿಸಿ. ಅವರೇ ಹಿಡಿದ ಮೇಲೆ ಹೇಳೋದಕ್ಕೂ ನೀವಾಗೇ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ.

ಕಳಿಸಿದ ಪ್ರತಿ ಫಾರ್ಮ್‌ನ ಪಿಡಿಎಫ್ ಏಜೆಂಟ್ ಹತ್ರ ಕೇಳಿ ಇಸ್ಕೊಂಡು ಫೋನಲ್ಲಿ ಇಟ್ಕೊಳ್ಳಿ. ಮುಂದಿನ ಫಾರ್ಮ್ ತುಂಬುವಾಗ ಅದನ್ನ ಪಕ್ಕದಲ್ಲಿಟ್ಟು ಉತ್ತರ ತಾಳೆ ನೋಡಿ.